ಹಳೆಯ ಲೇತ್: ಇದ್ದ ಸ್ಥಿತಿಯಲ್ಲೋ, ದುರಸ್ತಿಯಾದದ್ದೋ?

ಹಳೆಯ ಲೇತನ್ನು ಇದ್ದ ಸ್ಥಿತಿಯಲ್ಲೇ ಅಗ್ಗಕ್ಕೆ ಕೊಳ್ಳುವುದೋ, ವ್ಯಾಪಾರಿ ದುರಸ್ತಿ ಮಾಡಿಸಿದ್ದನ್ನು ಹೆಚ್ಚು ಕೊಟ್ಟು ಕೊಳ್ಳುವುದೋ ಎಂಬುದನ್ನು ಬಹುಮಟ್ಟಿಗೆ ಬೆಡ್‌ನ ಸವೆತವೇ ನಿರ್ಧರಿಸುತ್ತದೆ.

ಬೆಡ್ ಹೆಚ್ಚು ಸವೆಯುವುದು ಚಕ್‌ನ ಹತ್ತಿರ. ಅಲ್ಲಿ ಕ್ಯಾರೇಜನ್ನು ಆಟವಿಲ್ಲದಂತೆ ಹೊಂದಿಸಿ ಟೇಲ್‌ಸ್ಟಾಕ್ ಕಡೆಗೆ ಸರಿಸಿದಾಗ ಅದು ಬಿಗಿಯಾಗುತ್ತ ಹೋದರೆ ಸವೆತವಿದೆ ಎಂದು ತಿಳಿಯಬೇಕು. ದುರಸ್ತಿಯಾದ ಯಂತ್ರಕ್ಕೂ ಈ ಪರೀಕ್ಷೆ ತಪ್ಪಿಸಬಾರದು, ಏಕೆಂದರೆ ಕೆಲವೊಮ್ಮೆ ದುರಸ್ತಿ ಎಂದರೆ ಹೊಸ ಬಣ್ಣವಷ್ಟೇ ಆಗಿರುತ್ತದೆ.

ಬೆಲೆಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಉದಾಹರಣೆಗೆ, ನಿಜವಾಗಿ ಸರಿಪಡಿಸಿದ ಅದೇ ಮಾದರಿಯ ಬೆಲೆ 100 ಪಾಲು ಎನ್ನೋಣ. ಸವೆದ ಯಂತ್ರದ ಬೆಡ್ ಗ್ರೈಂಡಿಂಗ್ ಮಾಡಿಸಿ ಸ್ಯಾಡಲ್ ಮತ್ತೆ ಕೂರಿಸಲು 25, ಇಲ್ಲದ ಚಕ್‌ಗೆ 10, ಬಿಚ್ಚಿದ ಮೇಲೆ ಕಾಣುವ ದೋಷಗಳಿಗೆ 10 ಪಾಲು ಬೇಕೆಂದು ವಿಚಾರಿಸಿ ತಿಳಿದರೆ, ಅದಕ್ಕೆ 55 ಪಾಲಿಗಿಂತ ಹೆಚ್ಚು ಕೊಡುವುದು ನಷ್ಟ.

ಬುಷ್, ಪಿನ್‌ಗಳಂಥ ಗಿಡ್ಡ ಕೆಲಸವೇ ಹೆಚ್ಚಿದ್ದು, ದುರಸ್ತಿಯೂ ಕೈಗೆ ಹತ್ತಿದ್ದರೆ ಸ್ವಲ್ಪ ಸವೆದದ್ದು ಸಾಕು. ಉದ್ದನೆಯ ಶಾಫ್ಟನ್ನು ನಿಖರವಾಗಿ ಕಡೆಯಬೇಕಾದವರಿಗೆ, ಕೆಲಸ ನಿಲ್ಲಿಸಲಾಗದವರಿಗೆ, ಬೆಡ್ ಗ್ರೈಂಡಿಂಗ್ ಬಿಲ್ ತೋರಿಸಿ ಲಿಖಿತ ಖಾತರಿ ಕೊಡುವ ವ್ಯಾಪಾರಿಯ ಯಂತ್ರವೇ ಲೇಸು.