ಟಿವಿಗೆ ಲ್ಯಾಪ್‌ಟಾಪ್ ಸೇರಿಸಲು ಹಬ್ಬೋ, ಅಡಾಪ್ಟರೋ, ನೇರ ಕೇಬಲ್ಲೋ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ನೇರ ಕೇಬಲ್ಲಿಗೆ. ಒಂದು ತುದಿ ಯುಎಸ್‌ಬಿ-ಸಿ, ಇನ್ನೊಂದು ತುದಿ ಎಚ್‌ಡಿಎಂಐ, ಎರಡು ಮೀಟರ್ ಉದ್ದ. ಇದನ್ನು ಮೊದಲೇ ತಗೊಂಡಿದ್ದರೆ ಹಬ್ಬಿಗೆ ಸುರಿದ 1,850 ರೂಪಾಯಿ ಉಳೀತಿತ್ತು.

ಹೊಸ ಲ್ಯಾಪ್‌ಟಾಪಿನಲ್ಲಿ ಇರೋದೇ ಎರಡು ಸಿ ಪೋರ್ಟು. ಮೈಸೂರಿನ ಅಂಗಡಿಯಲ್ಲಿ ಕೇಳಿದಾಗ ಅವರು ಹಬ್ ತೆಗೆದಿಟ್ಟರು. ಪೆನ್‌ಡ್ರೈವ್, ಕಾರ್ಡ್, ಚಾರ್ಜರ್, ಟಿವಿ, ಎಲ್ಲಕ್ಕೂ ಜಾಗ. "ನೋಡಿ ಸಾರ್, ಫೋರ್ ಕೆ ಅಂತಾನೇ ಬರ್ದಿದೆ." ಬರೆದಿತ್ತು, ನಿಜ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ 30 ಹರ್ಟ್ಸ್ ಅಂತಲೂ ಬರೆದಿತ್ತು, ಅಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತೆ. ಅದನ್ನು ಮನೆಗೆ ಬಂದು ಓದಿದೆ.

ಟಿವಿಯಲ್ಲಿ ಚಿತ್ರ ಬಂತು, ಅಕ್ಷರ ಗರಿಗರಿಯಾಗಿ ಕಂಡವು. ಆದರೆ ಮಗಳು ಮೌಸ್ ಹಿಡಿದವಳೇ, "ಅಪ್ಪ, ಬಾಣದ ಗುರುತು ಯಾಕೆ ಕುಂಟ್ತಿದೆ?" ಅಂದಳು. ಹೌದು, ಪರದೆಯ ಈ ತುದಿಯಿಂದ ಆ ತುದಿಗೆ ಎಳೆದರೆ ಜಾರುತ್ತಾ ಹೋಗೋ ಬದಲು ಕುಪ್ಪಳಿಸ್ತಿತ್ತು. ಉದ್ದದ ವೆಬ್ ಪುಟ ಸರಿಸಿದರೂ ಹಾಗೇ. ವಿಂಡೋಸ್‌ನಲ್ಲಿ Settings > System > Display > Advanced display ತೆರೆದು ನೋಡಿದರೆ ಟಿವಿಯ ಮುಂದೆ 30 Hz ಅಂತಿತ್ತು. 60 ಆಯ್ಕೆಯೇ ಇರಲಿಲ್ಲ.

ಕಾರಣ ಆ ಹಬ್ಬಿನ ಕಟ್ಟೋಣದಲ್ಲೇ ಇದೆ. ಸಿ ಪೋರ್ಟಿನೊಳಗೆ ವೇಗದ ದಾರಿಗಳು ನಾಲ್ಕು. ನೇರ ಕೇಬಲ್ ಹಾಕಿದರೆ ನಾಲ್ಕೂ ಚಿತ್ರಕ್ಕೇ ಸಿಗ್ತವೆ. ಹಬ್ಬಿನಲ್ಲಿ ಪೆನ್‌ಡ್ರೈವ್ ಕೂಡ ವೇಗವಾಗಿ ಓಡಬೇಕಲ್ಲ, ಅದಕ್ಕೆ ಎರಡು ದಾರಿ ಬಿಟ್ಟುಕೊಟ್ಟು, ಉಳಿದ ಎರಡರಲ್ಲೇ ಚಿತ್ರ ಸಾಗಬೇಕು. ಸಿ ಪೋರ್ಟಿನಿಂದ ಚಿತ್ರ ಕಳಿಸುವ ವಿಧಾನಕ್ಕೆ ಡಿಸ್‌ಪ್ಲೇಪೋರ್ಟ್ ಅಂತಾರೆ, ಅದರ ಹಳೆಯ 1.2 ವೇಗದಲ್ಲಿ ಎರಡು ದಾರಿಗೆ 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊರುವ ತಾಕತ್ತಿಲ್ಲ. 30ಕ್ಕೆ ಸುಸ್ತು. ಲ್ಯಾಪ್‌ಟಾಪ್, ಹಬ್ ಎರಡೂ 1.4 ಆಗಿದ್ದರೆ ಎರಡೇ ದಾರಿಯಲ್ಲೂ 60 ಬರುತ್ತೆ, ಆದರೆ ಅಂಥ ಹಬ್ಬಿಗೆ ಬೆಲೆ ಜಾಸ್ತಿ. ನನ್ನ ಹಬ್ಬಿನಲ್ಲೇ ರೆಸಲ್ಯೂಷನ್ 1920 x 1080ಕ್ಕೆ ಇಳಿಸಿದ ತಕ್ಷಣ 60 ಬಂತು, ಕುಂಟಾಟ ನಿಂತಿತು. ಆದರೆ 4ಕೆ ಟಿವಿ ತಂದು ಅಕ್ಷರ ಮಸುಕು ಮಾಡ್ಕೊಂಡು ಕೂರೋದು ಯಾಕೆ?

ಹಬ್ಬಿನ ಇನ್ನೊಂದು ಚಾಳಿ: ಚಾರ್ಜರನ್ನು ಅದಕ್ಕೇ ಸಿಕ್ಕಿಸಿ, ಮಧ್ಯೆ ಕಿತ್ತರೆ ಟಿವಿ ಎರಡು ಮೂರು ಸೆಕೆಂಡ್ ಕಪ್ಪಾಗುತ್ತೆ.

ಆಮೇಲೆ ಆಫೀಸಿನ ಗೆಳೆಯನ ಪುಟ್ಟ ಅಡಾಪ್ಟರ್ ತಂದು ನೋಡಿದೆ. ಮೇಲೆ 4ಕೆ 60 ಅಂತ ಸ್ಪಷ್ಟವಾಗಿತ್ತು. ಆದರೂ ಬಂದದ್ದು 30! ಈ ಸಲ ತಪ್ಪು ಟಿವಿಯದು. ಎಚ್‌ಡಿಎಂಐ ಪೋರ್ಟಿಗೆ ಹೆಚ್ಚಿನ ವೇಗ ಕೊಡುವ ಸೆಟ್ಟಿಂಗ್ ಟಿವಿಯಲ್ಲಿ ಆಫ್ ಆಗಿತ್ತು. ಅದರ ಹೆಸರು ಕಂಪನಿಗೊಂದು ಥರ, ಮೆನುವಿನಲ್ಲಿ ಎಚ್‌ಡಿಎಂಐ ಅಂತ ಇರುವ ಕಡೆ ಹುಡುಕಬೇಕು. ಆನ್ ಮಾಡಿದ ಮೇಲೆ 60 ಕಾಣಿಸ್ತು. ನ್ಯಾಯವಾಗಿ ಹಬ್ಬನ್ನೂ ಮತ್ತೆ ಹಾಕಿ ನೋಡಿದೆ, ಅದು 30 ಬಿಟ್ಟು ಕದಲಲಿಲ್ಲ.

ಅಡಾಪ್ಟರಿನಲ್ಲಿ ಆಗಾಗ ಚಿತ್ರ ಮಾಯವಾಗಿ ಬರ್ತಿತ್ತು. ಸೆಟ್‌ಟಾಪ್ ಬಾಕ್ಸಿನ ಜೊತೆ ಬಂದಿದ್ದ ಹಳೇ ಎಚ್‌ಡಿಎಂಐ ಕೇಬಲ್ ಹಾಕಿದ್ದೆ, 4ಕೆ 60ಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ತಡೆಯುವಂಥದ್ದು ಬೇಕು. ಅಂದರೆ ಅಡಾಪ್ಟರ್ ಅಗ್ಗ ಅಂತ ತಗೊಂಡರೂ ಕೇಬಲ್ ಬೇರೆ ಕೊಳ್ಳಬೇಕು. ಮೇಲಾಗಿ ಗೋಡೆಯ ಟಿವಿಯಿಂದ ಇಳಿದ ಕೇಬಲ್ಲಿನ ಭಾರ ಪೂರಾ ಲ್ಯಾಪ್‌ಟಾಪಿನ ಆ ಪುಟಾಣಿ ಪೋರ್ಟಿನ ಮೇಲೆ.

ಕೊನೆಗೆ 1,100 ರೂಪಾಯಿಗೆ ನೇರ ಕೇಬಲ್ ತಂದೆ, 60 ಅಂತ ಬರೆದಿರೋದನ್ನು ಅಂಗಡಿಯಲ್ಲೇ ಓದಿ. ಒಂದು ಪೋರ್ಟಿಗೆ ಇದು, ಇನ್ನೊಂದಕ್ಕೆ ಚಾರ್ಜರ್. ಇದು ಲ್ಯಾಪ್‌ಟಾಪಿನಿಂದ ಟಿವಿಗೆ ಮಾತ್ರ, ತಿರುಗಿಸಿ ಹಾಕಿದರೆ ಕೆಲಸ ಮಾಡಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ಶಬ್ದ ಬರದಿದ್ದರೆ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿ, ಅಷ್ಟೇ.

ಯಾವುದನ್ನು ಕೊಳ್ಳೋ ಮುಂಚೆಯೂ ನಿಮ್ಮ ಸಿ ಪೋರ್ಟು ಚಿತ್ರ ಕಳಿಸುತ್ತಾ ನೋಡಿ. ಪಕ್ಕದಲ್ಲಿ ಮಿಂಚಿನ ಅಥವಾ ಡಿಸ್‌ಪ್ಲೇಪೋರ್ಟಿನ ಡಿ ಗುರುತಿದ್ದರೆ ಸರಿ. ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ವಿವರ ಓದಿ. ಬರೀ ಡೇಟಾ, ಚಾರ್ಜಿಂಗ್ ಪೋರ್ಟಾಗಿದ್ದರೆ ಮೇಲಿನ ಮೂರೂ ದಂಡ. ಇನ್ನು ಲ್ಯಾಪ್‌ಟಾಪಿನಲ್ಲಿ ಒಂದೇ ಪೋರ್ಟಿದ್ದು, ಉದ್ದದ ಸಿನಿಮಾ ನೋಡೋರಾದರೆ ಚಾರ್ಜಿಂಗಿಗಾಗಿ ಹಬ್ಬೇ ಗತಿ.

ನನ್ನ ಹಬ್ ಈಗ ಮಂಡ್ಯದ ಮಾವನ ಮನೇಲಿದೆ. ಅವರ ಟಿವಿ ಬರೀ ಫುಲ್ ಎಚ್‌ಡಿ, ಹಾಗಾಗಿ ಅಲ್ಲಿ ಬಾಣ ಕುಂಟಲ್ಲ. "ಚೆನ್ನಾಗೇ ಐತಲ್ಲೋ, ಇದ್ಯಾಕ್ ಕೊಟ್ಬುಟ್ಟೆ?" ಅಂತಾರೆ.