ಸೊಂಟದ ಮೇಲೆ ತುಂಬಿದ ಕೊಡ: ಒಂದೇ ನಡಿಗೆಯನ್ನು ಮೂರು ವಿಧಾನಗಳಲ್ಲಿ ಮಾಡಿ ನೋಡಿದಾಗ

ನಾನು ಮಾಡುತ್ತಿದ್ದ ಅನಿಮೇಷನ್ ಕಿರುಚಿತ್ರದಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು ಬೋರ್‌ವೆಲ್ ತೊಟ್ಟಿಯಿಂದ ಹಿತ್ತಾಳೆ ಕೊಡದಲ್ಲಿ ನೀರು ತುಂಬಿಕೊಂಡು, ಅದನ್ನು ಎಡಸೊಂಟದ ಮೇಲೆ ಇಟ್ಟುಕೊಂಡು ಮನೆಗೆ ನಡೆದು ಬರುವ ದೃಶ್ಯವಿದೆ. ಈ ನಡಿಗೆಯನ್ನು ಬ್ಲೆಂಡರ್ ತಂತ್ರಾಂಶದಲ್ಲಿ, ಒಂದೇ ಪಾತ್ರ ಮತ್ತು ಅದನ್ನು ಅಲುಗಿಸುವ ಮೂಳೆಗಳ ಒಂದೇ ರಿಗ್ ಬಳಸಿ, ಮೂರು ವಿಧಾನಗಳಲ್ಲಿ ಮಾಡಿ ನೋಡಿದೆ. ಮೊದಲನೆಯದು, ಸಿದ್ಧವಿದ್ದ ಸಾಮಾನ್ಯ ನಡಿಗೆಯ ಮೇಲೆ ಭಾರ ಹೊತ್ತ ಭಂಗಿಯನ್ನು ಇನ್ನೊಂದು ಪದರವಾಗಿ ಹೊದಿಸುವುದು. ಎರಡನೆಯದು, ನಿಜವಾದ ನಡಿಗೆಯ ವಿಡಿಯೊವನ್ನು ಹಿನ್ನೆಲೆಯಲ್ಲಿಟ್ಟು ಚೌಕಟ್ಟು ಚೌಕಟ್ಟಾಗಿ ಅನುಸರಿಸುವುದು. ಮೂರನೆಯದು, ಮುಖ್ಯ ಪೋಸುಗಳನ್ನು ಒಂದೊಂದಾಗಿ ಕೈಯಿಂದಲೇ ನಿಲ್ಲಿಸಿ ಅವುಗಳ ನಡುವಿನ ಚಲನೆಯನ್ನು ತುಂಬುವುದು.

ಹೋಲಿಕೆಗೆ ಮೊದಲು ಭಾರದ ಲೆಕ್ಕವನ್ನು ಸ್ಪಷ್ಟ ಮಾಡಿಕೊಳ್ಳಬೇಕಾಗಿತ್ತು. ಕೊಡದಲ್ಲಿ 12 ಲೀಟರ್ ನೀರು, ಅಂದರೆ 12 ಕಿಲೊ. ಹಿತ್ತಾಳೆಯದು 3 ಕಿಲೊ ಎಂದಿಟ್ಟುಕೊಂಡರೆ ಒಟ್ಟು 15 ಕಿಲೊ. ಪಾತ್ರದ ತೂಕ 50 ಕಿಲೊ. ಕೊಡದ ಮಧ್ಯಭಾಗ ದೇಹದ ನಡುಗೆರೆಯಿಂದ ಸುಮಾರು 25 ಸೆಂಟಿಮೀಟರ್ ಎಡಕ್ಕಿದೆ. ಈ ಎಡಭಾರವನ್ನು ಸರಿದೂಗಿಸಬೇಕಾದರೆ ಇಡೀ ದೇಹದ ತೂಕದ ಕೇಂದ್ರ ಏಳೂವರೆ ಸೆಂಟಿಮೀಟರ್ ಬಲಕ್ಕೆ ಸರಿಯಬೇಕು. ಕಾಲುಗಳು ನೆಲದ ಮೇಲಿರಬೇಕಾದ್ದರಿಂದ ಸರಿಯಬಹುದಾದದ್ದು ಮುಖ್ಯವಾಗಿ ಸೊಂಟದ ಮೇಲಿನ ಭಾಗ. ಅದು ದೇಹದ ತೂಕದ ಸುಮಾರು ಮೂರನೆಯ ಎರಡು ಪಾಲಾಗಿರುವುದರಿಂದ, ಅದರ ಕೇಂದ್ರ 11 ಸೆಂಟಿಮೀಟರಿನಷ್ಟು ಸರಿಯಬೇಕಾಗುತ್ತದೆ. ಇದನ್ನು ಬೆನ್ನಿನ ವಾಲಿಕೆಯಾಗಿ ಬದಲಿಸಿದರೆ 17 ರಿಂದ 18 ಡಿಗ್ರಿ ಬರುತ್ತದೆ. ಬಲಗೈಯನ್ನು ಮೈಯಿಂದ ದೂರ ಚಾಚಿದರೆ ಇದು ಒಂದೆರಡು ಡಿಗ್ರಿ ಕಡಿಮೆಯಾಗಬಹುದು. ಕೊಡ ಹೊತ್ತವರು ಬಲಗೈಯನ್ನು ಚಾಚಿಕೊಂಡೇ ನಡೆಯುವುದಕ್ಕೆ ಕಾರಣ ಇದೇ.

ಮೊದಲನೆಯ ವಿಧಾನಕ್ಕೆ ಒಂದು ಗಂಟೆಯೂ ಬೇಕಾಗಲಿಲ್ಲ. ನನ್ನ ಬಳಿ ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ, ಹೆಜ್ಜೆಗೆ 12 ಚೌಕಟ್ಟಿನಂತೆ ಮಾಡಿದ ಸಾಮಾನ್ಯ ನಡಿಗೆಯಿತ್ತು. ಅದನ್ನು, ಚಲನೆಗಳನ್ನು ಒಂದರ ಮೇಲೊಂದು ಜೋಡಿಸುವ NLA ಎಡಿಟರಿನಲ್ಲಿ ಕೆಳಗಿನ ಪದರವಾಗಿ ಇಟ್ಟು, ಅದರ ಮೇಲೆ ಬೆನ್ನಿನ 18 ಡಿಗ್ರಿ ವಾಲಿಕೆ, ಎಡಕ್ಕೆ ಏರಿದ ಸೊಂಟ ಮತ್ತು ಕೊಡವನ್ನು ಬಳಸಿದ ಎಡಗೈ ಇರುವ ಒಂದೇ ಪೋಸನ್ನು `Combine` ಮೂಲಕ ಹೊದಿಸಿದೆ. ಚಲನೆಯನ್ನು ನಿಲ್ಲಿಸಿ ಯಾವ ಚೌಕಟ್ಟನ್ನು ನೋಡಿದರೂ ಚಿತ್ರ ಸರಿಯಾಗಿತ್ತು. ಓಡಿಸಿದೊಡನೆ ಆಕೆ ಬೆನ್ನು ಡೊಂಕಾದ, ಆದರೆ ಏನನ್ನೂ ಹೊರದ ಹೆಂಗಸಿನಂತೆ ಕಂಡಳು. ಕೆಳಗಿನ ಪದರದಲ್ಲಿ ಭುಜಗಳು ಎಡಬಲಕ್ಕೆ ಸಮನಾಗಿ ತಿರುಗುತ್ತಿದ್ದವು, ಸೊಂಟವೂ ಎರಡೂ ಕಡೆಗೆ ಒಂದೇ ಅಳತೆಯಲ್ಲಿ ತೂಗುತ್ತಿತ್ತು. ವಾಲಿಕೆಯಂತೂ ಹಾಕಿದ ಜಾಗದಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಪದರದ ಪ್ರಭಾವವನ್ನು ಹೆಚ್ಚಿಸಿದರೂ ನಡಿಗೆಯನ್ನು ನಿಧಾನಗೊಳಿಸಿದರೂ ಈ ದೋಷ ಹೋಗಲಿಲ್ಲ, ಏಕೆಂದರೆ ಎರಡು ಹೆಜ್ಜೆಗಳೂ ಒಂದರ ಪ್ರತಿಬಿಂಬದಂತೆ ಇನ್ನೊಂದು ಇದ್ದವು.

ಭಾರ ಒಂದೇ ಮಗ್ಗುಲಿನಲ್ಲಿರುವಾಗ ಎರಡು ಹೆಜ್ಜೆಗಳು ಸಮನಾಗಿರಲು ಸಾಧ್ಯವೇ ಇಲ್ಲ. ಎಡಗಾಲ ಮೇಲೆ ನಿಂತಾಗ ಕೊಡ ಹೆಚ್ಚುಕಡಿಮೆ ಆ ಕಾಲಿನ ನೇರಕ್ಕೇ ಇರುವುದರಿಂದ ದೇಹಕ್ಕೆ ನೆಮ್ಮದಿ. ಎಡಗಾಲನ್ನು ಎತ್ತಿ ಬಲಗಾಲೊಂದರ ಮೇಲೆ ನಿಂತ ಕ್ಷಣದಲ್ಲಿ ಕೊಡ ಆಧಾರವಿಲ್ಲದ ಕಡೆಗೆ ತೂಗುತ್ತದೆ. ಬಲಸೊಂಟದ ಹೊರಮಗ್ಗುಲಿನ ಸ್ನಾಯುಗಳು ಆ ಎಳೆತವನ್ನು ತಡೆಯಬೇಕು, ಬೆನ್ನು ಇನ್ನಷ್ಟು ಬಲಕ್ಕೆ ವಾಲಬೇಕು, ಎಡಗಾಲು ಆದಷ್ಟು ಬೇಗ ಮತ್ತೆ ನೆಲ ಮುಟ್ಟಬೇಕು. ಹಾಗಾಗಿ ಎಡಗಾಲಿನ ಹೆಜ್ಜೆ ಗಿಡ್ಡ ಮತ್ತು ಚುರುಕು, ಬಲಗಾಲಿನ ಹೆಜ್ಜೆ ತುಸು ಉದ್ದ ಮತ್ತು ಸಾವಧಾನ. ನೋಡುವವರು ಇದನ್ನು ಬಾಯಿಬಿಟ್ಟು ಹೇಳಲಾರರು, ಆದರೆ ಇದು ಇಲ್ಲದಿದ್ದರೆ ಕೊಡ ಖಾಲಿಯೆಂದು ಅವರ ಕಣ್ಣು ತೀರ್ಮಾನಿಸಿಬಿಡುತ್ತದೆ.

ಎರಡನೆಯ ವಿಧಾನ ಹಳೆಯದು. ಜೀವಂತ ಚಲನೆಯ ಚಿತ್ರವನ್ನು ಒಂದೊಂದಾಗಿ ತಿದ್ದಿ ಬರೆಯುವ ರೋಟೊಸ್ಕೋಪ್ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಷರ್ ಅವರಿಗೆ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ನಾನು ಮಾಡಿದ್ದು ಅದರ ಇಂದಿನ ರೂಪ: ಫೋನಿನಲ್ಲಿ ಎದುರಿನಿಂದ ಮತ್ತು ಮಗ್ಗುಲಿನಿಂದ ತೆಗೆದ ವಿಡಿಯೊಗಳನ್ನು ಕ್ಯಾಮೆರಾ ನೋಟದ ಹಿನ್ನೆಲೆಯಲ್ಲಿ ಹಾಕಿಕೊಂಡು ರಿಗ್ಗನ್ನು ಅದಕ್ಕೆ ಹೊಂದಿಸುವುದು. ನಡೆದು ತೋರಿಸಲು ಚಿಕ್ಕಮ್ಮ ಒಪ್ಪಿಕೊಂಡರು. ಅವರಿಗೆ ಶ್ರಮವಾಗದಿರಲಿ ಎಂದು ನಾನು ಖಾಲಿ ಪ್ಲಾಸ್ಟಿಕ್ ಕೊಡ ಕೊಟ್ಟೆ. ಇಡೀ ಎರಡು ದಿನ ಕೂತು ಮಾಡಿದ ಕೆಲಸ ಅದರಿಂದಲೇ ಹಾಳಾಯಿತು. ಅವರ ವಾಲಿಕೆ ನೋಡಲು ಸರಿಯಾಗಿದ್ದರೂ ಹೆಜ್ಜೆಗಳು ಹನ್ನೆರಡು ಹನ್ನೆರಡು ಚೌಕಟ್ಟುಗಳಷ್ಟು ಸಮನಾಗಿದ್ದವು, ಹಿಮ್ಮಡಿ ಹಗುರವಾಗಿ ಏಳುತ್ತಿತ್ತು, ನಾನು ಅದನ್ನೇ ನಿಷ್ಠೆಯಿಂದ ನಕಲು ಮಾಡಿದ್ದೆ. ಅದನ್ನು ತೋರಿಸಿದಾಗ ಚಿಕ್ಕಮ್ಮ, “ಖಾಲಿ ಕೊಡಕ್ಕೆ ಯಾರಾದರೂ ಸೊಂಟ ಕೊಡ್ತಾರೇನಪ್ಪ? ಅದನ್ನ ಕೈಯಲ್ಲೇ ತೂಗಾಡಿಸ್ಕೊಂಡು ಹೋಗ್ತೀವಿ” ಎಂದರು.

ಮರುದಿನ ಅವರೇ ಹಿತ್ತಾಳೆ ಕೊಡ ತುಂಬಿಸಿಕೊಂಡು ಅಂಗಳದಲ್ಲಿ ನಾಲ್ಕು ಸಲ ನಡೆದರು. ಆ ವಿಡಿಯೊದಲ್ಲಿ ಚೌಕಟ್ಟು ಎಣಿಸಿದಾಗ ಬಲಪಾದ ನೆಲ ಮುಟ್ಟಿದ ಕ್ಷಣದಿಂದ ಎಡಪಾದ ಮುಟ್ಟುವವರೆಗೆ 13, ಅಲ್ಲಿಂದ ಮತ್ತೆ ಬಲಪಾದ ಮುಟ್ಟುವವರೆಗೆ 15 ಬಂತು. ಎರಡೂ ಪಾದಗಳು ನೆಲದ ಮೇಲಿರುವ ಹೊತ್ತು ಸಾಮಾನ್ಯ ನಡಿಗೆಯಲ್ಲಿ ಪ್ರತಿ ಸಲ ಎರಡೂವರೆ ಚೌಕಟ್ಟಿನಷ್ಟಿದ್ದರೆ ಇಲ್ಲಿ ನಾಲ್ಕಾಗಿತ್ತು. ನನಗೆ ಹೆಚ್ಚು ಅಚ್ಚರಿಯಾದದ್ದು ಸೊಂಟದ ಏರಿಳಿತದ ವಿಷಯದಲ್ಲಿ. ಭಾರ ತೋರಿಸಬೇಕೆಂದರೆ ಹೆಜ್ಜೆ ಊರಿದಾಗ ದೇಹವನ್ನು ಆಳವಾಗಿ ಕುಸಿಸಬೇಕೆಂದು ನಾವೆಲ್ಲ ಕಲಿತಿರುತ್ತೇವೆ. ಮೂಟೆ ಹೊತ್ತವನಿಗೆ ಅದು ಒಪ್ಪುತ್ತದೆ, ಆದರೆ ತುಂಬಿದ ಕೊಡ ಹೊತ್ತವರು ಹಾಗೆ ಕುಸಿದರೆ ನೀರು ಚೆಲ್ಲುತ್ತದೆ. ಅವರು ಮೊಣಕಾಲನ್ನು ಸದಾ ತುಸು ಮಡಿಸಿಯೇ ಇಟ್ಟುಕೊಂಡು, ಸಾಮಾನ್ಯ ನಡಿಗೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಇರುವ ಏರಿಳಿತವನ್ನು ಮೂರರ ಆಸುಪಾಸಿಗೆ ಇಳಿಸುತ್ತಾರೆ. ಆದ್ದರಿಂದ ಸೊಂಟದ ಮೇಲಿನ ಕೊಡದ ಭಾರವನ್ನು ಮೇಲೆಕೆಳಗಿನ ಚಲನೆಯಲ್ಲಿ ಹುಡುಕದೆ ಎಡಬಲದ ಚಲನೆಯಲ್ಲಿ ಹುಡುಕಬೇಕು.

ಹೊಸ ವಿಡಿಯೊವನ್ನು ಅನುಸರಿಸಿ ಮಾಡಿದ ನಡಿಗೆ ಸತ್ಯವಾಗಿತ್ತು, ಆದರೆ ಬಳಸಲು ಕಷ್ಟವಾಗಿತ್ತು. ಪ್ರತಿ ಎರಡು ಚೌಕಟ್ಟಿಗೊಂದು ಕೀ, ಅಂದರೆ ಪೋಸಿನ ಗುರುತು, ಬಿದ್ದಿದ್ದರಿಂದ ಗ್ರಾಫ್ ಎಡಿಟರಿನ ಗೆರೆಗಳು ಗರಗಸದ ಹಲ್ಲಿನಂತಾದವು, ಒಂದು ಹೆಜ್ಜೆಯ ವಾಲಿಕೆಯನ್ನು ತಿದ್ದಲು ಹತ್ತಾರು ಕೀಗಳನ್ನು ಸರಿಸಬೇಕಾಯಿತು. ಚಿಕ್ಕಮ್ಮನ ಕಾಲಿನ ಉದ್ದ ಪಾತ್ರದ್ದಕ್ಕಿಂತ ಬೇರೆಯಾದ್ದರಿಂದ ಪಾದಗಳು ಜಾರಿದವು. ಚಕ್ರವಾಗಿ ಮರಳಿಸಲು ಹೋದರೆ ಕೊನೆಯ ಪೋಸಿಗೂ ಮೊದಲನೆಯದಕ್ಕೂ ಹೊಂದಿಕೆಯಾಗಲಿಲ್ಲ.

ಮೂರನೆಯ ವಿಧಾನದಲ್ಲಿ ಆ ವಿಡಿಯೊದಿಂದ ಎಣಿಕೆಗಳನ್ನು ಮಾತ್ರ ತೆಗೆದುಕೊಂಡೆ. 28 ಚೌಕಟ್ಟುಗಳ ಚಕ್ರದಲ್ಲಿ ಎಂಟು ಪೋಸುಗಳು: ಬಲಪಾದ ಮುಟ್ಟುವುದು 1ರಲ್ಲಿ, ಭಾರ ಇಳಿಯುವುದು 4ರಲ್ಲಿ, ಎಡಗಾಲು ದಾಟುವುದು 8ರಲ್ಲಿ, ದೇಹ ಏರುವುದು 11ರಲ್ಲಿ. ಎಡಪಾದ 14ರಲ್ಲಿ ಮುಟ್ಟುತ್ತದೆ, ಅದರ ಮುಂದಿನ ಮೂರು ಪೋಸುಗಳು 18, 22 ಮತ್ತು 26ರಲ್ಲಿ ಬರುತ್ತವೆ, 29ಕ್ಕೆ ಮೊದಲಿನ ಪೋಸು ಮರಳುತ್ತದೆ. ಒಂದು ಚಕ್ರದಲ್ಲಿ ಪಾತ್ರ 90 ಸೆಂಟಿಮೀಟರ್ ಮುಂದೆ ಹೋಗುತ್ತದೆ, ಎಡಹೆಜ್ಜೆಗೆ 42, ಬಲಹೆಜ್ಜೆಗೆ 48. ಇಲ್ಲಿ ಕೈತಪ್ಪುವುದು ಸುಲಭ. ಅರ್ಧ ಚಕ್ರ ಮುಗಿದೊಡನೆ `Ctrl+Shift+V` ಒತ್ತಿ ಪೋಸನ್ನು ತಿರುಗಿಸಿ ಅಂಟಿಸುವ ಅಭ್ಯಾಸವಿರುವವರು ಬೆನ್ನಿನ ವಾಲಿಕೆಯನ್ನೂ ಕೊಡದ ಕಡೆಗೇ ತಿರುಗಿಸಿಬಿಡುತ್ತಾರೆ. ನಾನು ಪಾದಗಳ ಪೋಸನ್ನು ಮಾತ್ರ ಹಾಗೆ ಅಂಟಿಸಿ, ಹೆಜ್ಜೆಯ ಉದ್ದವನ್ನು ತಿದ್ದಿ, ಸೊಂಟದಿಂದ ಮೇಲಿನದೆಲ್ಲವನ್ನೂ ಬೇರೆಯಾಗಿ ಇಟ್ಟೆ.

ವಾಲಿಕೆಯನ್ನು ಬಲಗಾಲೊಂದರ ಮೇಲೆ ನಿಂತಾಗ 20 ಡಿಗ್ರಿಗೂ ಎಡಗಾಲೊಂದರ ಮೇಲೆ ನಿಂತಾಗ 13 ಡಿಗ್ರಿಗೂ ಇಟ್ಟು, ಅದನ್ನು ಬೆನ್ನಿನ ಮೂರು ಮೂಳೆಗಳಿಗೆ ಕೆಳಗೆ ಕಡಿಮೆ, ಮೇಲೆ ಹೆಚ್ಚು ಎಂಬಂತೆ ಹಂಚಿದೆ. ಕುತ್ತಿಗೆ ಅದಕ್ಕೆ ಎದುರಾಗಿ ಬಾಗಿ ಕಣ್ಣುಗಳನ್ನು ಮಟ್ಟವಾಗಿಡುತ್ತದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಈ ವಾಲಿಕೆ ಯಾವಾಗ ಶುರುವಾಗಬೇಕೆಂಬುದು. ಮೊದಲು ಅದನ್ನು ಎಡಗಾಲು ಎತ್ತಿದ ಮೇಲೆ ಶುರು ಮಾಡಿದ್ದೆ, ಆಗ ಕೊಡವೇ ಆಕೆಯನ್ನು ಎಳೆದಾಡುತ್ತಿರುವಂತೆ, ಆಕೆ ತೂರಾಡುತ್ತಿರುವಂತೆ ಕಂಡಿತು. ಹೊರುವುದು ರೂಢಿಯಾದವರು ಕಾಲು ಎತ್ತುವ ಮೊದಲೇ ಮೈಯನ್ನು ಆಚೆಗೆ ಸರಿಸಿಕೊಂಡಿರುತ್ತಾರೆ. ಎಡ ಬೆರಳುಗಳು ನೆಲ ಬಿಡುವುದು 5ನೇ ಚೌಕಟ್ಟಿನಲ್ಲಾದರೆ, ಹಿಂದಿನ ಚಕ್ರದ 27ರಲ್ಲೇ ವಾಲಿಕೆ ಏರತೊಡಗಿ 5ರ ಹೊತ್ತಿಗೆ ಬಹುಪಾಲು ಮುಗಿದಿರಬೇಕು. ಈ ಒಂದು ಬದಲಾವಣೆಯಿಂದ ನಡಿಗೆಗೆ ಬಂದ ಅನುಭವಿಯ ಗತ್ತು ನನಗೆ ಬಹಳ ಸಂತೋಷ ಕೊಟ್ಟಿತು.

ಕೊಡವನ್ನು ಯಾವುದಕ್ಕೆ ಕಟ್ಟಬೇಕೆಂಬುದನ್ನೂ ಮೂರು ಪ್ರಯತ್ನಗಳಲ್ಲಿ ಕಲಿತೆ. ಮೊದಲ ಎರಡರಲ್ಲಿ ಅದು ಎಡಗೈಗೆ ಕಟ್ಟಿತ್ತು, ಹಾಗಾಗಿ ಕೈ ಅಲುಗಿದಂತೆಲ್ಲ ಬಲೂನಿನಂತೆ ತೇಲುತ್ತಿತ್ತು. ಕೊಡದ ಭಾರ ಕೂರುವುದು ಸೊಂಟದ ಮೇಲೆ, ಕೈ ಕಂಠವನ್ನು ಬಳಸಿ ಅದು ಜಾರದಂತೆ ಹಿಡಿದಿರುತ್ತದೆ ಅಷ್ಟೆ. ಕೊಡಕ್ಕೆ `Child Of` ಹಾಕಿ ಸೊಂಟದ ಮೂಳೆಗೆ ಕಟ್ಟಿ, ಕೈ ಹಿಂಬಾಲಿಸುವ ಐಕೆ ಗುರಿಯನ್ನು ಕೊಡದ ಕಂಠಕ್ಕೆ ಕಟ್ಟಿದ ಮೇಲೆ ಸರಿಹೋಯಿತು.

ಕೊನೆಗೆ ಮೂರೂ ನಡಿಗೆಗಳನ್ನು ಒಂದೇ ತೂಗುಗುಂಡಿನಿಂದ ಪರೀಕ್ಷಿಸಿದೆ. ದೇಹ ಮತ್ತು ಕೊಡದ ಒಟ್ಟು ತೂಕದ ಕೇಂದ್ರವನ್ನು ತೋರಿಸಲು ಒಂದು `Empty` ಬಿಂದುವಿಗೆ, ಬೇರೊಂದರ ಸ್ಥಾನವನ್ನು ಅನುಸರಿಸುವಂತೆ ಮಾಡುವ ಮೂರು `Copy Location` ಹಾಕಿ, ಮೊದಲನೆಯದನ್ನು ಸೊಂಟಕ್ಕೆ ಪೂರ್ಣವಾಗಿ, ಎರಡನೆಯದನ್ನು ಎದೆಗೆ ಅರ್ಧ ಪ್ರಭಾವದಲ್ಲಿ, ಮೂರನೆಯದನ್ನು ಕೊಡಕ್ಕೆ 0.23 ಪ್ರಭಾವದಲ್ಲಿ ಕಟ್ಟಿದೆ. ಒಟ್ಟು 65 ಕಿಲೊದಲ್ಲಿ ಕೊಡದ 15 ಕಿಲೊದ ಪಾಲು ಅದು. ಒರಟು ಲೆಕ್ಕವಾದರೂ ಸಾಲುತ್ತದೆ. ಎದುರಿನಿಂದ ನೋಡಿದಾಗ ಈ ಬಿಂದುವಿನಿಂದ ಇಳಿಸಿದ ಗೆರೆ ಒಂಟಿಕಾಲಿನ ಹೊತ್ತಿನಲ್ಲಿ ಊರಿದ ಪಾದದ ಒಳಅಂಚಿನ ಬಳಿಗೆ ಬರಬೇಕು. ಪದರದ ವಿಧಾನದಲ್ಲಿ ಅದು ಬಲಪಾದದ ಹತ್ತಿರಕ್ಕೂ ಬರದೆ ನಡುವಿನಲ್ಲೇ ನಿಂತಿತು. ವಿಡಿಯೊ ಅನುಸರಿಸಿದ್ದರಲ್ಲಿ ಮತ್ತು ಕೈಯಿಂದ ಮಾಡಿದ್ದರಲ್ಲಿ ಬಂತು, ಆದರೆ ಕೈಯಿಂದ ಮಾಡಿದ್ದನ್ನು ಮಾತ್ರ ಸೊಂಟದ ಒಂದೇ ಗೆರೆಯನ್ನು ಎಳೆದು ತಿದ್ದಲು ಸಾಧ್ಯವಾಯಿತು.

ಚಿತ್ರದಲ್ಲಿ ಹತ್ತಿರದ ಎಲ್ಲ ದೃಶ್ಯಗಳಿಗೂ ಎರಡೂವರೆ ದಿನ ಹಿಡಿದ ಮೂರನೆಯ ನಡಿಗೆಯನ್ನೇ ಬಳಸಿದ್ದೇನೆ. ತೊಟ್ಟಿಯ ಬಳಿಯಿಂದ ದೂರದಲ್ಲಿ ಸಾಲಾಗಿ ಬರುವ ಹೆಂಗಸರು ಪರದೆಯ ಮೇಲೆ ಹೆಬ್ಬೆರಳಿನಷ್ಟೇ ಎತ್ತರವಿರುವುದರಿಂದ ಅವರಿಗೆ ಪದರದ ವಿಧಾನ ಸಾಕಾಯಿತು, ಆದರೂ ಒಬ್ಬೊಬ್ಬರ ಎಡಹೆಜ್ಜೆಯನ್ನು ಎರಡು ಚೌಕಟ್ಟು ಗಿಡ್ಡ ಮಾಡಿದ್ದೇನೆ. ಮನೆಯ ಹೊಸ್ತಿಲು ದಾಟುವ ಹೆಜ್ಜೆಗೆ ಮಾತ್ರ ಮತ್ತೆ ಚಿಕ್ಕಮ್ಮನ ವಿಡಿಯೊ ತೆಗೆಯಬೇಕಾಗಿದೆ, ಏಕೆಂದರೆ ಅಲ್ಲಿ ಅವರು ಯಾವ ಕಾಲನ್ನು ಮೊದಲು ಎತ್ತುತ್ತಾರೆಂದು ನಾನು ಇನ್ನೂ ಗಮನಿಸಿಲ್ಲ.