ಮೂರು ವರ್ಷ ಬಳಸಿದ ಕೋಡ್‌ವರ್ಡ್ ಪುಸ್ತಕ: ಪೆನ್ನಲ್ಲಿ ಬರೆಯಬೇಡಿ!

ಮೂರು ವರ್ಷದ ಹಿಂದೆ ಲಂಡನ್‌ನಿಂದ ಬಂದ ನಮ್ಮ ಭಾವ ಈ ಇಂಗ್ಲಿಷ್ ಕೋಡ್‌ವರ್ಡ್ ಪುಸ್ತಕ ತಂದುಕೊಟ್ಟರು. ಒಟ್ಟು 150 ಒಗಟು, ಪುಟಕ್ಕೆ ಒಂದು, ಉತ್ತರ ಕೊನೆಯಲ್ಲಿ. ಬೆಳಿಗ್ಗೆ ಕಾಫಿ ಜೊತೆ ಕೂರುತ್ತೇನೆ, ಈಗ 118ನೆಯದು ನಡೆಯುತ್ತಿದೆ. ಇಷ್ಟು ದಿನ ನನ್ನನ್ನು ಹಿಡಿದಿಟ್ಟ ಪುಸ್ತಕ ಬೇರೆ ಇಲ್ಲ.

ನೋಡೋಕೆ ಪದಬಂಧದ ಥರಾನೇ, ಆದರೆ ಸುಳಿವು ಒಂದೂ ಇಲ್ಲ. ಅಡ್ಡಕ್ಕೆ 13, ಉದ್ದಕ್ಕೆ 13 ಮನೆ. ಪ್ರತಿ ಬಿಳಿ ಮನೆಯ ಮೂಲೆಯಲ್ಲಿ 1ರಿಂದ 26ರೊಳಗಿನ ಒಂದು ಸಂಖ್ಯೆ. ಒಂದು ಸಂಖ್ಯೆಗೆ ಒಂದೇ ಅಕ್ಷರ, ಒಗಟು ಮುಗಿಯುವ ತನಕ ಅದು ಬದಲಾಗುವುದಿಲ್ಲ. ಇಂಗ್ಲಿಷಿನ 26 ಅಕ್ಷರಗಳೂ ಒಂದು ಸಲವಾದರೂ ಬಂದೇ ಬರುತ್ತವೆ. ಶುರುವಿನಲ್ಲಿ ಎರಡೋ ಮೂರೋ ಅಕ್ಷರ ಕೊಟ್ಟಿರುತ್ತಾರೆ. ಹೊಸ ಒಗಟಿಗೆ ಸಂಖ್ಯೆಗಳೂ ಹೊಸದಾಗಿ ಹಂಚಿಕೆ ಆಗಿರುತ್ತವೆ, ನಿನ್ನೆಯದು ಇವತ್ತಿಗೆ ಬರುವುದಿಲ್ಲ.

ನಾನು ಎಡವಿದ ಒಂದು ಒಗಟನ್ನೇ ಹೇಳುತ್ತೇನೆ. ಅದರಲ್ಲಿ 4 ಅಂದರೆ ಎ, 13 ಅಂದರೆ ಡಬ್ಲ್ಯೂ ಎಂದಷ್ಟೇ ಕೊಟ್ಟಿದ್ದರು. ಮೇಲಿನ ಸಾಲಿನಲ್ಲಿ ಒಂದು ಪದ: 2-4-19-8-15-2. ಮೊದಲಿನದೂ ಕೊನೆಯದೂ ಒಂದೇ ಅಕ್ಷರ, ಎರಡನೆಯದು ಎ. 8-15-2 ಅನ್ನೋ ಬಾಲ ಇನ್ನೂ ಎರಡು ಪದಗಳ ತುದಿಯಲ್ಲಿ ಕಂಡಿತು. ಇಂಗ್ಲಿಷಿನಲ್ಲಿ ಹೀಗೆ ಮತ್ತೆ ಮತ್ತೆ ಬರುವ ಬಾಲ ಅಂದರೆ ಐ-ಎನ್-ಜಿ ಅಲ್ವಾ ಅಂದುಕೊಂಡು, ಪೆನ್ನಿನಲ್ಲೇ ‘ಗೇಮಿಂಗ್’ ಎಂದು ಬರೆದೆ. ಜಿ-ಎ-ಎಂ-ಐ-ಎನ್-ಜಿ. ಅಚ್ಚುಕಟ್ಟಾಗಿ ಕೂತಿತು.

ಅರ್ಧ ಗಂಟೆ ಆದಮೇಲೆ ಕೆಳಗಿನ ಮೂಲೆಯ ನಾಲ್ಕು ಮನೆಯ ಪದ ಕಣ್ಣಿಗೆ ಬಿತ್ತು: 2-15-15-2. ನನ್ನ ಲೆಕ್ಕದ ಪ್ರಕಾರ ಅದು ಜಿ-ಎನ್-ಎನ್-ಜಿ ಆಗಬೇಕು. ಅಂಥ ಪದವೇ ಇಲ್ಲ. ಅಕ್ಕಪಕ್ಕ ಒಂದೇ ಸಂಖ್ಯೆ ಎರಡು ಸಲ ಬಂದು, ಎರಡು ತುದಿಯೂ ಒಂದೇ ಆಗಿದ್ದರೆ ನಡುವೆ ಇರುವುದು ಹೆಚ್ಚಾಗಿ ಸ್ವರವೇ. ಹಾಗಾದರೆ 15 ಅಂದರೆ ಓ, 2 ಅಂದರೆ ಎನ್. ಅದು ‘ನೂನ್’. ಬಾಲ ಐ-ಎನ್-ಜಿ ಅಲ್ಲ, ಐ-ಓ-ಎನ್. ಮೇಲಿನ ಪದ ‘ನೇಷನ್’, 19 ಅಂದರೆ ಟಿ. ಎರಡು ಪದಗಳ ಆಕಾರ ಸಂಖ್ಯೆಯಲ್ಲಿ ಒಂದೇ, ಅದಕ್ಕೇ ಮೋಸ ಹೋದೆ. ಅಂದಿನಿಂದ ಒಂದು ಪದ ಹೊಳೆದ ಕೂಡಲೇ ಬರೆಯುವುದಿಲ್ಲ. ಅದರ ಅಕ್ಷರಗಳನ್ನು ಮೊದಲು ಜೋಡಿ ಸಂಖ್ಯೆ ಇರುವ ಪದಕ್ಕೆ ಒಯ್ದು ನೋಡುತ್ತೇನೆ. ತಪ್ಪು ಬೇಗ ಸಿಕ್ಕಿಬೀಳುವ ಜಾಗ ಅದು.

ಆಮೇಲೆ ದಾರಿ ಸಲೀಸಾಯಿತು. 6 ಅನ್ನೋ ಸಂಖ್ಯೆ ಇಡೀ ಚೌಕದಲ್ಲಿ ಎರಡೇ ಸಲ, ಎರಡೂ ಕಡೆ ಅದರ ಬೆನ್ನಿಗೇ 7. ಕ್ಯೂ ಬಂದ ಕಡೆ ಯು ಬರುತ್ತದೆ. ಬರೀ ಊಹೆ ಬೇಡವೆಂದು 6-7-15-19-4 ನೋಡಿದೆ. ಕೊನೆಯ ಮೂರು ಓ-ಟಿ-ಎ ಎಂದು ಆಗಲೇ ಗೊತ್ತು. ‘ಕೋಟಾ’! ಇನ್ನೊಂದು ಪದ 6-7-8-19, ಅದು ‘ಕ್ವಿಟ್’. ಎರಡೂ ಹೊಂದಿದ ಮೇಲೇ ಬರೆದದ್ದು.

ಜಾಸ್ತಿ ಸಲ ಬರುವ ಸಂಖ್ಯೆ ಇ ಎಂದು ಹಲವರು ಶುರು ಮಾಡುತ್ತಾರೆ. ಈ ಎಣಿಕೆಯ ದಾರಿಯನ್ನು 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿ ಗುಪ್ತ ಬರಹಗಳಿಗೆಂದು ಬರೆದಿಟ್ಟಿದ್ದರು. ಉದ್ದದ ಬರಹಕ್ಕೆ ಅದು ಸರಿ. ಇಲ್ಲಿ ಇರುವುದು ಕೆಲವೇ ಪದ, ಹಾಗಾಗಿ ಎ ಅಥವಾ ಎಸ್ ಮುಂದೆ ಬಂದುಬಿಡುವುದುಂಟು. ನಾನು ಎಣಿಕೆಯನ್ನು ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ.

ಪುಸ್ತಕದ ಬಗ್ಗೆ ಎರಡು ದೂರು. ಕಾಗದ ತೆಳು, ನಾಲ್ಕು ಸಲ ಅಳಿಸಿದರೆ ಹರಿಯುತ್ತದೆ. ಇನ್ನೊಂದು ಜಾಸ್ತಿ ಬೇಸರದ್ದು: 74ನೇ ಒಗಟಿನಲ್ಲಿ 18 ಇರಬೇಕಾದ ಮನೆಯಲ್ಲಿ 8 ಅಚ್ಚಾಗಿದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಆದರೆ ನಮ್ಮ ತಪ್ಪೋ ಅಚ್ಚಿನ ತಪ್ಪೋ ಎಂದು ತಿಳಿಯುವ ಬಗೆ ಅಲ್ಲೇ ಸಿಕ್ಕಿತು. ಅಕ್ಷರವನ್ನು ನಾವು ತಪ್ಪು ಊಹಿಸಿದ್ದರೆ ಆ ಸಂಖ್ಯೆ ಇರುವ ಹಲವು ಪದಗಳು ಕೆಡುತ್ತವೆ. ಅಚ್ಚಿನ ತಪ್ಪಾದರೆ ಒಂದೇ ಮನೆ, ಅದರ ಮೇಲೆ ಹಾಯುವ ಪದ ಮಾತ್ರ ಕೆಡುತ್ತದೆ, ಉಳಿದ ಕಡೆ ಅದೇ ಸಂಖ್ಯೆ ಸರಿಯಾಗಿ ಓದಿಸಿಕೊಳ್ಳುತ್ತದೆ.

ಇದು ಕನ್ನಡದಲ್ಲಿ ಇದ್ದಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ. ಒಂದು ಸಲ ಮಾಡಿಯೂ ನೋಡಿದೆ. ಕ, ಕಾ, ಕಿ, ಕ್ಕ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಬೇಕು. 26ರ ಬದಲು ಎಂಬತ್ತು ದಾಟಿತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಸಲ ಬಂದವು. ಒಂದೇ ಸಲ ಬರುವ ಸಂಖ್ಯೆಗೆ ಬೇರೆ ಪದದ ಸಾಕ್ಷಿ ಸಿಗುವುದಿಲ್ಲ, ಒಗಟು ಬಿಡಿಸಲು ಹಿಡಿತವೇ ಇರುವುದಿಲ್ಲ. ವ್ಯಂಜನಕ್ಕೊಂದು, ಸ್ವರಕ್ಕೊಂದು ಸಂಖ್ಯೆ ಕೊಟ್ಟು ಮನೆಗೆ ಎರಡೆರಡು ಬರೆದರೆ ಆಗಬಹುದೇನೋ. ಅದಕ್ಕೆಂದು ಚೌಕದ ನೋಟ್‌ಬುಕ್ ಒಂದನ್ನು ತಂದಿಟ್ಟಿದ್ದೇನೆ.